ಉರಿ ಬಿಸಿಲಲ್ಲಿ, ದಿಢೀರ್ ಮಳೆಯಲ್ಲಿ ತಾರಸಿ ಕಾಂಕ್ರೀಟ್: ಮೊದಲ ಆರು ಗಂಟೆ ಕಾಯುವುದು ಹೇಗೆ

ತಾರಸಿಗೆ ಕಾಂಕ್ರೀಟ್ ಹಾಕಿದ ಮೊದಲ ಆರು ಗಂಟೆಯಲ್ಲಿ ಬಿಸಿಲು, ಮಳೆ ಎರಡೂ ಮಾಡುವ ಹಾನಿ ಒಂದೇ ಜಾಗದಲ್ಲಿ. ಅದು ಮೇಲಿನ ಒಂದು ಇಂಚು. ಬಿಸಿಲು ಅಲ್ಲಿಂದ ನೀರು ಕದಿಯುತ್ತದೆ, ಮಳೆ ಅಲ್ಲಿಗೆ ಬೇಡದ ನೀರು ಸುರಿಯುತ್ತದೆ. ಇದೊಂದು ಲೆಕ್ಕ ತಲೆಯಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಒಂದು ತಾರಸಿಯನ್ನೇ ಹಿಡಿದು ಹೋಗೋಣ. 90 ಚದರ ಮೀಟರ್, 125 ಮಿ.ಮೀ. ದಪ್ಪ. ಬೇಕಾದ ಕಾಂಕ್ರೀಟ್ 11.25 ಘನ ಮೀಟರ್. ಘನ ಮೀಟರಿಗೆ 350 ಕೆ.ಜಿ. ಸಿಮೆಂಟ್, 175 ಲೀಟರ್ ನೀರು, ಸುಮಾರು 1,850 ಕೆ.ಜಿ. ಮರಳು ಮತ್ತು ಜಲ್ಲಿ. ಒಟ್ಟು 79 ಚೀಲ ಸಿಮೆಂಟ್. ಒಂದು ಚೀಲದ ಮಿಕ್ಸರ್ ಇದ್ದು, ಒಂದು ಸಲಕ್ಕೆ ಮೂರೂವರೆ ನಿಮಿಷ ಹಿಡಿದರೆ ನಾಲ್ಕೂವರೆ ಗಂಟೆಯ ಕೆಲಸ. ಈ ನಾಲ್ಕೂವರೆ ಗಂಟೆಯನ್ನು ದಿನದ ಯಾವ ಹೊತ್ತಿನಲ್ಲಿ ಇಡಬೇಕು ಅನ್ನುವುದೇ ಮೊದಲ ತೀರ್ಮಾನ.

ಹೊತ್ತು ಆರಿಸುವುದು

ಒಣ ಬೇಸಿಗೆಯಲ್ಲಿ ಸಂಜೆ ನಾಲ್ಕರ ನಂತರ ಶುರು ಮಾಡುವುದು ಒಳ್ಳೆಯದು. ಕಾಂಕ್ರೀಟ್ ಗಟ್ಟಿಯಾಗುವ ಹೊತ್ತು ರಾತ್ರಿಗೆ ಬೀಳುತ್ತದೆ, ಬಿಸಿಲಿನ ಕಾಟವೇ ಇರುವುದಿಲ್ಲ. ಆದರೆ ಮಳೆಗಾಲಕ್ಕೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ ಇದೇ ಬುದ್ಧಿವಂತಿಕೆ ಕೈಕೊಡುತ್ತದೆ. ಆ ಮಳೆ ಬರುವುದೇ ಹೆಚ್ಚಾಗಿ ಸಂಜೆ, ಸರಿಯಾಗಿ ನಿಮ್ಮ ತಾರಸಿ ಅರ್ಧವಾದಾಗ. ಅಂಥ ದಿನಗಳಲ್ಲಿ ನಾನು ಬೆಳಗ್ಗೆ ಐದೂವರೆಗೆ ಮಿಕ್ಸರ್ ಶುರು ಮಾಡಿಸುತ್ತೇನೆ. ಹತ್ತಕ್ಕೆ ಮುಗಿಯುತ್ತದೆ, ಸಂಜೆಯ ಮಳೆಗೆ ಮುಂಚೆ ಮೈ ಗಟ್ಟಿಯಾಗಿರುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಹೊಸ ಕಾಂಕ್ರೀಟಿನ ಮೇಲೆ ನೇರವಾಗಿ ಮಧ್ಯಾಹ್ನದ ಬಿಸಿಲು ಬೀಳುತ್ತದೆ. ಹಾಗಾಗಿ ಮುಚ್ಚುವ ಸಾಮಾನು ಎಂಟು ಗಂಟೆಗೇ ಮೇಲೆ ಬಂದಿರಬೇಕು.

ಹಿಂದಿನ ದಿನದ ಕೆಲಸ

ಕಾಂಕ್ರೀಟಿನ ಬಿಸಿ ಎಲ್ಲಿಂದ ಬರುತ್ತದೆ ಗೊತ್ತಾ? ಎಲ್ಲರೂ ತಣ್ಣೀರು ತರಲು ಓಡುತ್ತಾರೆ. ಆದರೆ ತೂಕದಲ್ಲಿ ಜಾಸ್ತಿ ಇರುವುದು ಮರಳು ಮತ್ತು ಜಲ್ಲಿ. ಬಿಸಿಲಲ್ಲಿ ಬಿದ್ದ ರಾಶಿ 45 ಡಿಗ್ರಿ ಇದೆ, ಸಿಮೆಂಟ್ 50, ಟ್ಯಾಂಕಿನ ನೀರು 38 ಅಂದುಕೊಳ್ಳಿ. ನಮ್ಮ ಅಳತೆಗೆ ಬೆರೆಸಿದಾಗ ಕಾಂಕ್ರೀಟ್ ಸುಮಾರು 44 ಡಿಗ್ರಿಗೆ ನಿಲ್ಲುತ್ತದೆ. ನೀರನ್ನು ಮಾತ್ರ 28ಕ್ಕೆ ಇಳಿಸಿದರೆ 41. ಇಷ್ಟು ಕಷ್ಟಪಟ್ಟರೂ ಮೂರೇ ಡಿಗ್ರಿ ಇಳಿಯಿತು. ಅದೇ 28ರ ನೀರಿನ ಜೊತೆಗೆ ಜಲ್ಲಿ, ಮರಳನ್ನೂ ನೆರಳಲ್ಲಿ ಇಟ್ಟು, ನೀರು ಚಿಮುಕಿಸಿ 34ಕ್ಕೆ ತಂದರೆ, ಸಿಮೆಂಟ್ 45 ಇದ್ದರೂ, ಕಾಂಕ್ರೀಟ್ 34ರ ಸುತ್ತ ಬರುತ್ತದೆ. ಭಾರತದ ಮಾನಕ IS 7861 ಬಿಸಿ ಹವೆಯಲ್ಲಿ ಹಾಕುವ ಹೊತ್ತಿಗೆ 40 ಡಿಗ್ರಿ ದಾಟಬಾರದು ಎನ್ನುತ್ತದೆ. ನಾನು 35ರ ಒಳಗೆ ಇಡಲು ನೋಡುತ್ತೇನೆ.

ಇನ್ನೂ ಇಳಿಸಬೇಕಿದ್ದರೆ ಮಂಜುಗಡ್ಡೆ. ಮೇಲಿನ ಲೆಕ್ಕದಲ್ಲಿ 40 ಲೀಟರ್ ನೀರಿನ ಬದಲು 40 ಕೆ.ಜಿ. ಪುಡಿ ಮಾಡಿದ ಮಂಜುಗಡ್ಡೆ ಹಾಕಿದರೆ 34 ಇದ್ದದ್ದು 27ಕ್ಕೆ ಬರುತ್ತದೆ. ಕರಗುವುದಕ್ಕೆ ಮಂಜುಗಡ್ಡೆ ತುಂಬ ಶಾಖ ಹೀರಿಕೊಳ್ಳುತ್ತದೆ, ಅದರ ಗುಟ್ಟು ಅಷ್ಟೇ. ಮಿಕ್ಸರಿನಿಂದ ಹೊರಬರುವ ಮುಂಚೆ ಪೂರ್ತಿ ಕರಗಿರಬೇಕು. ಅದರ ತೂಕವನ್ನು ನೀರಿನ ಲೆಕ್ಕದಿಂದ ಕಳೆದಿರಬೇಕು.

ರಾಶಿಗೆ ನೀರು ಚಿಮುಕಿಸಿದ ಮೇಲೆ ಅಲ್ಲಿ ಉಳಿದ ತೇವವನ್ನೂ ಕಳೆಯಬೇಕು. ಮಳೆಗಾಲದಲ್ಲಂತೂ ಇದನ್ನು ಮರೆತರೆ ಮಿಕ್ಕ ಎಚ್ಚರವೆಲ್ಲ ದಂಡ. ಒಂದು ಕೆ.ಜಿ. ಮರಳನ್ನು ತೂಗಿ, ಬಾಣಲೆಯಲ್ಲಿ ಒಣಗುವವರೆಗೆ ಹುರಿದು ಮತ್ತೆ ತೂಗಿ. 943 ಗ್ರಾಂ ಉಳಿದರೆ 57 ಗ್ರಾಂ ನೀರಿತ್ತು, ಅಂದರೆ ಒಣ ಮರಳಿನ ತೂಕದ ಸುಮಾರು ನೂರಕ್ಕೆ 6. ಅದರಲ್ಲಿ ನೂರಕ್ಕೆ 1ರಷ್ಟನ್ನು ಮರಳು ತನ್ನೊಳಗೇ ಹಿಡಿದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಉಳಿದ 5 ಹೊರಗಿನ ನೀರು. ಘನ ಮೀಟರಿಗೆ 700 ಕೆ.ಜಿ. ಮರಳಿದ್ದರೆ 35 ಲೀಟರ್ ಆಗಲೇ ಒಳಗೆ ಹೋಗುತ್ತಿದೆ! ನೀವು ಮೇಲಿನಿಂದ ಹಾಕಬೇಕಾದ್ದು 175 ಅಲ್ಲ, 140. ತೂಗಿ ಹಾಕುವವರು ಮರಳನ್ನೂ ಅಷ್ಟೇ ಹೆಚ್ಚಿಸಬೇಕು, ಯಾಕೆಂದರೆ ತೂಗಿದ್ದರಲ್ಲಿ ನೀರೂ ಸೇರಿದೆ. ಪೆಟ್ಟಿಗೆಯಲ್ಲಿ ಅಳೆಯುವವರಿಗೆ ಇನ್ನೊಂದು ತೊಡಕು. ಒದ್ದೆ ಮರಳು ಉಬ್ಬುತ್ತದೆ. ನೂರಕ್ಕೆ 4ರಿಂದ 6ರ ತೇವದಲ್ಲಿ ಕಾಲು ಭಾಗದಷ್ಟು ಉಬ್ಬುವುದು ಸಾಮಾನ್ಯ, ಹಾಗಾಗಿ ಪೆಟ್ಟಿಗೆ ತುಂಬಿದ ಹಾಗೆ ಕಂಡರೂ ಒಳಗೆ ಮರಳು ಕಡಿಮೆ.

ಒಂದು ಮಾತು ಸೆಂಟ್ರಿಂಗ್ ಬಗ್ಗೆ. ಬಿಸಿಲಲ್ಲಿ ಹಲಗೆ, ತಗಡು, ಕಂಬಿ ಕೈ ಇಡಲಾಗದಷ್ಟು ಕಾಯುತ್ತವೆ. ಹಾಕುವ ಮುಂಚೆ ನೀರು ಸಿಂಪಡಿಸಿ, ಆದರೆ ಗುಂಡಿಯಲ್ಲಿ ನಿಂತ ನೀರನ್ನು ಒರೆಸಿ. ಮಳೆಗಾಲದಲ್ಲಿ ಮೇಲಿಗಿಂತ ಕೆಳಗೆ ನೋಡಿ. ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಸೆಂಟ್ರಿಂಗ್ ಹೊರುವ ಊರೆ ನಿಲ್ಲಿಸಿದ್ದರೆ ಮಳೆ ನೀರಿಗೆ ಮಣ್ಣು ಮೆತ್ತಗಾಗಿ ಊರೆ ಇಳಿಯುತ್ತದೆ, ಅದರ ಜೊತೆ ತಾರಸಿಯೂ. ಊರೆಯ ಬುಡಕ್ಕೆ ಅಗಲವಾದ ಹಲಗೆ ಕೊಟ್ಟು, ನೀರು ಆಚೆ ಹರಿಯಲು ಕಾಲುವೆ ಮಾಡಿರಿ. ಮಳೆ ಬರುತ್ತಿರುವಾಗ ಒಬ್ಬರು ಕೆಳಗಿನ ಊರೆಗಳ ಮೇಲೆ ಕಣ್ಣಿಟ್ಟಿರಲಿ, ಆದರೆ ತಾರಸಿಯ ಅಡಿಗೆ ಹೋಗದೆ ಹೊರಗಿನಿಂದಲೇ.

ಗಾಳಿಯ ಲೆಕ್ಕ

ಹಾಕಿದ ಕಾಂಕ್ರೀಟಿನಿಂದ ನೀರು ಮೇಲಕ್ಕೆ ಒಸರುತ್ತದೆ. ಮೈ ಮೇಲೆ ತೆಳುವಾಗಿ ಹೊಳೆಯುವುದು ಅದೇ. ಒಸರುವುದಕ್ಕಿಂತ ವೇಗವಾಗಿ ಆರಿದರೆ ಮೇಲ್ಮೈ ಕುಗ್ಗಲು ನೋಡುತ್ತದೆ, ಕೆಳಗಿನದು ಬಿಡುವುದಿಲ್ಲ, ಬಿರುಕು ಬೀಳುತ್ತದೆ. ಆರುವ ವೇಗವನ್ನು ಅಂದಾಜು ಮಾಡಲು ಈ ಸೂತ್ರ ಸಾಕು:

```
E = 5 × [ (Tc+18)^2.5 − r × (Ta+18)^2.5 ] × (V+4) × 10^-6
```

ಇದರಲ್ಲಿ Tc ಕಾಂಕ್ರೀಟಿನ ಉಷ್ಣತೆ, Ta ಗಾಳಿಯ ಉಷ್ಣತೆ, ಎರಡೂ ಸೆಲ್ಸಿಯಸ್‌ನಲ್ಲಿ. r ಗಾಳಿಯ ತೇವ, ನೂರಕ್ಕೆ 30 ಇದ್ದರೆ 0.30 ಎಂದು. V ಗಾಳಿಯ ವೇಗ, ಗಂಟೆಗೆ ಕಿಲೋಮೀಟರ್. ಬರುವ ಉತ್ತರ E, ಒಂದು ಚದರ ಮೀಟರಿನಿಂದ ಒಂದು ಗಂಟೆಗೆ ಆರುವ ನೀರು, ಕೆ.ಜಿ.ಯಲ್ಲಿ.

ನಮ್ಮ ತಾರಸಿಗೆ ಹಾಕಿ ನೋಡೋಣ. ಕಾಂಕ್ರೀಟ್ 34, ಗಾಳಿ 36, ತೇವ ನೂರಕ್ಕೆ 30, ಗಾಳಿ ವೇಗ 15. ಉತ್ತರ 1.24. ಒಂದು ಕೆ.ಜಿ. ದಾಟಿದರೆ ಅಪಾಯ ಎಂದು ಹಿಡಿಯುವುದು ವಾಡಿಕೆ. ಹಾರುಬೂದಿ ಬೆರೆತ ಸಿಮೆಂಟ್ ಅಥವಾ ನೀರು ಕಡಿಮೆ ಇರುವ ಮಿಶ್ರಣ ಕಡಿಮೆ ಒಸರುತ್ತದೆ, ಅಲ್ಲಿ ಅರ್ಧ ಕೆ.ಜಿ.ಯಿಂದಲೇ ಎಚ್ಚರ ಬೇಕು. ಈಗ ಕಾಂಕ್ರೀಟನ್ನು ಮಂಜುಗಡ್ಡೆ ಹಾಕಿ 28ಕ್ಕೆ ಇಳಿಸಿದೆವು ಅನ್ನಿ, 0.75 ಆಗುತ್ತದೆ. ಮಂಜುಗಡ್ಡೆ ಬೇಡ, ಗಾಳಿ ಬರುವ ಕಡೆ ಪರದೆ ಕಟ್ಟಿ ವೇಗವನ್ನು 15ರಿಂದ 5ಕ್ಕೆ ತಂದೆವು ಅನ್ನಿ, 0.59. ಪರದೆ ಗೆದ್ದಿತು ಅಲ್ವಾ? ಬಿಸಿಲಿಗೆ ಬೈಯುವವರು ಸಾಮಾನ್ಯವಾಗಿ ಗಾಳಿಯನ್ನು ಮರೆಯುತ್ತಾರೆ. ಎತ್ತರದ ಮಹಡಿಯಲ್ಲಿ ಮೋಡ ಕವಿದ ದಿನವೂ ಬಿರುಕು ಬೀಳುವುದು ಇದಕ್ಕೇ. ಸೆಂಟ್ರಿಂಗ್ ಅಂಚಿಗೆ ಎರಡು ಮೀಟರ್ ಎತ್ತರ ಗಾಳಿ ಬರುವ ಬದಿಗೆ ಬಲೆ ಅಥವಾ ಟಾರ್ಪಾಲು ಕಟ್ಟಿ, ಗಟ್ಟಿಯಾಗಿ ಕಟ್ಟಿ. ಸಡಿಲ ಪರದೆ ಬಿಚ್ಚಿಕೊಂಡು ಒದ್ದೆ ಕಾಂಕ್ರೀಟಿನ ಮೇಲೆ ಬಿದ್ದದ್ದನ್ನು ನೋಡಿದ್ದೇನೆ.

ಹಾಕುವಾಗ

ಬಿಸಿಲಲ್ಲಿ ಕಾಂಕ್ರೀಟ್ ಬೇಗ ಬಿಗಿಯುತ್ತದೆ. ಹುಡುಗರು ಒಂದು ಬಕೆಟ್ ನೀರು ಸುರಿಯುವುದು ಆಗಲೇ. ಘನ ಮೀಟರಿಗೆ 20 ಲೀಟರ್ ಹೆಚ್ಚಾದರೆ ನೀರು-ಸಿಮೆಂಟಿನ ಪಾಲು 0.50ರಿಂದ 0.56ಕ್ಕೆ ಏರುತ್ತದೆ, ಬಲ ನೂರಕ್ಕೆ ಹತ್ತಕ್ಕೂ ಹೆಚ್ಚು ಇಳಿಯಬಹುದು. ಬದಲಿಗೆ ಎರಡು ದಾರಿಗಳಿವೆ. ಒಂದು, ಗಟ್ಟಿಯಾಗುವುದನ್ನು ನಿಧಾನಿಸುವ ಮಿಶ್ರಕ, ಅಂದರೆ ರಿಟಾರ್ಡರ್. ಡಬ್ಬದ ಮೇಲೆ ಬರೆದ ಅಳತೆಯಲ್ಲಿ, ಮುಂಚೆಯೇ ಒಂದು ಸಣ್ಣ ಮಿಶ್ರಣ ಮಾಡಿ ನೋಡಿ ಹಾಕಬೇಕು. ಅಳತೆ ಮೀರಿದರೆ ಮರುದಿನವೂ ಮೆತ್ತಗೇ ಇರುತ್ತದೆ. ಇನ್ನೊಂದು, ಒಮ್ಮೆಗೆ ಹಾಕುವ ಪಟ್ಟಿ ಕಿರಿದಾಗಿರಲಿ. 9 ಮೀಟರ್ ಅಗಲಕ್ಕೆ ಒಂದೂವರೆ ಮೀಟರಿನ ಪಟ್ಟಿ ಹಾಕುತ್ತ ಹೋದರೆ, ಮುಂದಿನ ಪಟ್ಟಿ ತಾಗುವ ಅಂಚು ನಲವತ್ತು ನಿಮಿಷದ ಆಚೀಚೆ ಮಾತ್ರ ಕಾಯುತ್ತದೆ. ಆಗ ಅದು ಇನ್ನೂ ಜೀವಂತ.

ನಮ್ಮ ತಾರಸಿಯಲ್ಲಿ ಅರ್ಧ ದಾರಿಯಲ್ಲಿ ಮಿಕ್ಸರ್ ಬೆಲ್ಟ್ ಹರಿಯಿತು ಅಂದುಕೊಳ್ಳಿ. ಬೆಳಗ್ಗೆ ಎಂಟು ಗಂಟೆ, ಸರಿ ಮಾಡಲು ಐವತ್ತು ನಿಮಿಷ. ಆಗ ಮೊದಲು ಮಾಡಬೇಕಾದ್ದು ತೆರೆದ ಅಂಚಿಗೆ ಒದ್ದೆ ಗೋಣಿ ಹೊದಿಸುವುದು. ಬೆಲ್ಟ್ ಸರಿಯಾದ ಮೇಲೆ, ಹೊಸದನ್ನು ಸುರಿಯುವ ಮುಂಚೆ, ಕಾಂಕ್ರೀಟನ್ನು ನಡುಗಿಸಿ ಅದುಮುವ ವೈಬ್ರೇಟರ್ ಸೂಜಿಯನ್ನು ಹಳೆಯ ಅಂಚಿನಲ್ಲಿ ಇಳಿಸಿ ನೋಡಿ. ತನ್ನ ಭಾರಕ್ಕೇ ಇಳಿದು, ನಿಧಾನ ಎಳೆದಾಗ ತೂತು ತಾನೇ ಮುಚ್ಚಿಕೊಂಡರೆ ಹಳೆಯದು ಹೊಸದು ಬೆರೆಯುತ್ತವೆ, ಮುಂದುವರಿಸಿ. ತೂತು ಹಾಗೇ ಉಳಿದರೆ ಸಮಯ ಮೀರಿದೆ. ಅದನ್ನು ಜೋಡು ಎಂದೇ ಒಪ್ಪಿಕೊಂಡು, ಮಳೆಯ ಭಾಗದಲ್ಲಿ ಹೇಳುವ ಹಾಗೆ ಕಟ್ಟಬೇಕು. ಮೇಲೆ ಸಿಮೆಂಟ್ ಹಾಲು ಸುರಿದು ಮುಚ್ಚಿಬಿಡೋಣ ಅನ್ನುವವರ ಮಾತು ಕೇಳಬೇಡಿ.

ಮೈ ಕಾಯುವುದು

ಒಂದು ಪಟ್ಟಿ ಮಟ್ಟ ಮಾಡಿ ಮುಗಿದ ತಕ್ಷಣ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಇಡೀ ತಾರಸಿ ಮುಗಿಯಲಿ ಎಂದು ಕಾಯಬೇಡಿ. ಮೊದಲ ಪಟ್ಟಿ ಆರು ಗಂಟೆಯದು, ಕೊನೆಯದು ಹತ್ತರದು. ಮೊದಲನೆಯದು ನಾಲ್ಕು ಗಂಟೆ ಬರಿ ಮೈಯಲ್ಲಿ ಬಿಸಿಲು ಕಾಯುವುದು ಸರಿಯಲ್ಲ. ಉಜ್ಜಲು ಬೇಕಾದಾಗ ಹಾಳೆ ಸರಿಸಿ, ಉಜ್ಜಿ, ಮತ್ತೆ ಹೊದಿಸಿ. ಹಾಳೆ ಇಲ್ಲದಿದ್ದರೆ ಔಷಧಿ ಹೊಡೆಯುವ ಪಂಪಿನ ಸಣ್ಣ ಮೂತಿಯಿಂದ ಮೈಯ ಮೇಲಿನ ಗಾಳಿಗೆ ಮಂಜಿನಂತೆ ನೀರು ಹೊಡೆಯಿರಿ. ಗುರಿ ಗಾಳಿಯನ್ನು ತೇವ ಮಾಡುವುದು. ಹನಿ ಬಿದ್ದು ಮೈ ಮೇಲೆ ನೀರು ನಿಂತರೆ, ಆ ನೀರನ್ನೇ ಕರಣೆಯಿಂದ ಒಳಗೆ ಉಜ್ಜಿದರೆ, ಬಿಸಿಲಿಗಿಂತ ನೀವೇ ಹೆಚ್ಚು ಹಾಳು ಮಾಡಿದಂತೆ.

ಇಷ್ಟಾದರೂ ಬಿರುಕು ಬಂದರೆ? ಹೇಗಿದೆ ನೋಡಿ. ಒಂದಕ್ಕೊಂದು ಸಮಾನಾಂತರವಾಗಿ, ಓರೆಯಾಗಿ, ಒಂದೆರಡು ಅಡಿಯಿಂದ ಮೂರಡಿ ಅಂತರದಲ್ಲಿ, ಅಂಚು ಮುಟ್ಟದೆ ನಡುವೆಯೇ ನಿಂತಿದ್ದರೆ ಅದು ಮೈ ಆರಿದ ಬಿರುಕು. ಸರಿಯಾಗಿ ಕಂಬಿಯ ಸಾಲಿನ ಮೇಲೇ ಬಿದ್ದಿದ್ದರೆ ಅದು ಕಾಂಕ್ರೀಟ್ ಕೆಳಗೆ ಕೂತದ್ದಕ್ಕೆ ಬಂದ ಬಿರುಕು, ಕಂಬಿ ತಡೆದ ಕಡೆ ಸೀಳಿದ್ದು. ಎರಡಕ್ಕೂ ಮದ್ದು ಒಂದೇ, ಹೊತ್ತಿಗೆ ಸರಿಯಾಗಿ ಸಿಕ್ಕರೆ. ಹೆಬ್ಬೆರಳಿನಿಂದ ಒತ್ತಿ, ನಾಲ್ಕೈದು ಮಿ.ಮೀ. ಅಚ್ಚು ಬೀಳುವ ಹಾಗಿದ್ದರೆ ಮರದ ಹಲಗೆಯಿಂದ ಬಿರುಕಿನ ಎರಡೂ ಬದಿ ಜೋರಾಗಿ ತಟ್ಟಿ, ಆಮೇಲೆ ಉಜ್ಜಿ ಮುಚ್ಚಿ. ಬರಿ ಕರಣೆ ಎಳೆದರೆ ಮೇಲೆ ತೆಳು ಪದರ ಮುಚ್ಚುತ್ತದೆ, ಒಳಗೆ ಸೀಳು ಹಾಗೇ ಇರುತ್ತದೆ. ಮರುದಿನ ಅದೇ ಜಾಗದಲ್ಲಿ ಮತ್ತೆ ಕಾಣಿಸುತ್ತದೆ. ಅಚ್ಚು ಬೀಳದಷ್ಟು ಗಟ್ಟಿಯಾಗಿದ್ದರೆ ತಟ್ಟಬೇಡಿ. ನೀರಿಳಿಯುವ ಬಿರುಕಾದರೆ ಆಮೇಲೆ ತೆಳು ಎಪಾಕ್ಸಿ ತುಂಬಿಸುವುದೇ ದಾರಿ.

ಮೈ ಬೆರಳಿಗೆ ಜಗ್ಗದಂತಾದ ಮೇಲೆ ಹಾಳೆ ತೆಗೆದು ಒದ್ದೆ ಗೋಣಿ, ಮರುದಿನ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. IS 456 ಪ್ರಕಾರ ಒಣ, ಬಿಸಿ ಹವೆಯಲ್ಲಿ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು. ಹಾರುಬೂದಿಯೋ ಸ್ಲ್ಯಾಗೋ ಬೆರೆತ ಸಿಮೆಂಟಿಗೆ 14 ದಿನ ಒಳ್ಳೆಯದು. ಒಮ್ಮೆ ಒದ್ದೆ, ಒಮ್ಮೆ ಒಣ ಆಗುವ ಕ್ಯೂರಿಂಗ್ ಮಾಡಿದ ಹಾಗೂ ಅಲ್ಲ, ಬಿಟ್ಟ ಹಾಗೂ ಅಲ್ಲ. ಮೊದಲ ದಿನ ಕಾದ ಮೈಗೆ ಕೊರೆಯುವ ನೀರು ಸುರಿಯಬೇಡಿ, ಹತ್ತು ಡಿಗ್ರಿಗಿಂತ ಹೆಚ್ಚು ತಣ್ಣಗಿದ್ದರೆ ಆ ಆಘಾತಕ್ಕೇ ಕೂದಲೆಳೆ ಬಿರುಕು ಬರಬಹುದು.

ಮಳೆ ಬಂದರೆ

ಈಗ ಅದೇ ತಾರಸಿ, ಅರ್ಧ ಮುಗಿದಿದೆ, ಮೋಡ ಕಟ್ಟಿ ಮಳೆ ಶುರುವಾಯಿತು. ಮಳೆ ಎಷ್ಟು ನೀರು ತರುತ್ತದೆ? 10 ಮಿ.ಮೀ. ಮಳೆ ಅಂದರೆ ಚದರ ಮೀಟರಿಗೆ 10 ಲೀಟರ್. ನಮ್ಮ ಒಂದು ಚದರ ಮೀಟರ್ ತಾರಸಿಯಲ್ಲಿ ನಾವು ಬೆರೆಸಿದ ನೀರೇ 22 ಲೀಟರ್. ಒಂದು ಜೋರು ಮಳೆ ಅದರ ಹತ್ತಿರ ಅರ್ಧದಷ್ಟನ್ನು ಮೇಲಿನಿಂದ ಸುರಿಯುತ್ತದೆ. ಸಮಾಧಾನವೆಂದರೆ, ಚೆನ್ನಾಗಿ ಅದುಮಿದ ಕಾಂಕ್ರೀಟಿನೊಳಗೆ ಆ ನೀರು ತಾನಾಗಿ ಇಳಿಯುವುದು ಕಡಿಮೆ. ಬಹುಪಾಲು ಮೇಲೆ ನಿಲ್ಲುತ್ತದೆ, ಹರಿಯುತ್ತದೆ, ಹರಿಯುವಾಗ ಸಿಮೆಂಟನ್ನು ತೊಳೆದುಕೊಂಡು ಹೋಗುತ್ತದೆ. ಅದನ್ನು ಒಳಗೆ ಕಳಿಸುವುದು ಕರಣೆ ಹಿಡಿದ ಕೈ.

ತುಂತುರು ಮಳೆಗೆ ಕೆಲಸ ನಿಲ್ಲಿಸಬೇಕಿಲ್ಲ. ಹಾಕಿದ್ದನ್ನು ಕೂಡಲೇ ಅದುಮಿ, ಮಟ್ಟ ಮಾಡಿ, ಮುಚ್ಚುತ್ತ ಹೋಗಿ. ಮಿಕ್ಸರಿಗೆ, ಸಿಮೆಂಟಿಗೆ ಮೇಲೆ ತಗಡು ಇರಲಿ. ನೀರು ಹೊಂಡ ಕಟ್ಟುವಷ್ಟು, ಹನಿ ಬಿದ್ದಲ್ಲಿ ಗುಳಿ ಬೀಳುವಷ್ಟು ಬಂದರೆ ನಿಲ್ಲಿಸಿ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮಾತ್ರ ಮಳೆಗೆ ಬಿಡಬೇಡಿ. ಎರಡು ತೊಲೆಗಳ ನಡುವಿನ ಅಂತರದ ಮಧ್ಯದ ಮೂರನೇ ಒಂದು ಭಾಗ ಸಾಮಾನ್ಯವಾಗಿ ಸರಿಯಾದ ಜಾಗ, ಅಲ್ಲಿ ಕತ್ತರಿಸುವ ಬಲ ಕಡಿಮೆ. ಹಿಂದಿನ ದಿನವೇ ಎಂಜಿನಿಯರ್ ಹತ್ತಿರ ಕೇಳಿ, ಸೆಂಟ್ರಿಂಗ್ ಅಂಚಿನಲ್ಲಿ ಬಣ್ಣದಿಂದ ಎರಡು ಮೂರು ಕಡೆ ಗುರುತು ಹಾಕಿಸಿ. ಕಂಬಿ ಹಾಯಲು ಕಚ್ಚು ಮಾಡಿದ ಹಲಗೆಯನ್ನೂ ಸಿದ್ಧವಿಡಿ. ಮಳೆ ಜೋರಾದಾಗ ಹತ್ತಿರದ ಗುರುತಿನವರೆಗೆ ಹಾಕಿ, ಹಲಗೆ ನೆಟ್ಟಗೆ ನಿಲ್ಲಿಸಿ, ಅದಕ್ಕೆ ಒತ್ತಿ ವೈಬ್ರೇಟರ್ ಕೊಟ್ಟು ಮುಗಿಸಿ. ಇಳಿಜಾರಾಗಿ ಬಿಟ್ಟ ಅಂಚು ತೆಳುವಾಗಿ ಪುಡಿಯಾಗುತ್ತದೆ.

ಟಾರ್ಪಾಲು ಹೊದಿಸುವಾಗ ಒಂದು ಉಪಾಯ. ನೇರ ಕಾಂಕ್ರೀಟಿನ ಮೇಲೆ ಹಾಸಿದರೆ ನೀರು ತುಂಬಿ ಜೋತು ಮೈ ಅಚ್ಚೊತ್ತುತ್ತದೆ. ಪಕ್ಕದ ಗೋಡೆಗಳ ಮೇಲೆ ಕಂಬ ಅಥವಾ ಹಗ್ಗ ಇಟ್ಟು ಇಳಿಜಾರಾಗಿ ಎಳೆಯಿರಿ. ನೀರು ಇಳಿಯುವ ಬದಿ, ಇನ್ನೂ ಹಾಕದ ಕಡೆಗೆ ಆಗಬಾರದು.

ಮಳೆ ನಿಂತ ಮೇಲೆ ಮೈ ಮೇಲಿನ ನೀರನ್ನು ಒಂದು ರಬ್ಬರ್ ಪೈಪನ್ನು ಇಬ್ಬರು ಹಿಡಿದು ಮೆಲ್ಲಗೆ ಎಳೆದು ಅಂಚಿನಿಂದ ಬೀಳಿಸಿ. ಆಮೇಲಷ್ಟೇ ಉಜ್ಜಿ. ಒದ್ದೆಗೆ ಒಣ ಸಿಮೆಂಟ್ ಎರಚುವುದು ಮೇಸ್ತ್ರಿಗಳ ಹಳೆಯ ಚಾಳಿ, ನೋಡಲು ನುಣುಪು, ಕೆಲವೇ ತಿಂಗಳಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಬೆರಳು ಜಗ್ಗದ ಹಂತ ದಾಟಿದ ಮೇಲೆ ಮಳೆ ಬಂದರೆ ಭಯ ಬೇಡ, ಅದು ಒಳ್ಳೆಯದೇ. ಹಾಗೆಂದು ಮಳೆಗಾಲ ಅಂತ ಕ್ಯೂರಿಂಗ್ ಬಿಡಬೇಡಿ. ಎರಡು ಮಳೆಯ ನಡುವೆ ಗಾಳಿ, ಬಿಸಿಲು ಬಂದೇ ಬರುತ್ತದೆ.

ನಿಲ್ಲಿಸಿದ ಜೋಡನ್ನು ಮುಂದುವರಿಸುವಾಗ ಹಲಗೆ ತೆಗೆದು, ತಂತಿ ಬ್ರಷ್‌ನಿಂದ ಬಿಳಿ ಪದರ ಕೆರೆದು ಜಲ್ಲಿ ಕಾಣಿಸುವಂತೆ ಮಾಡಿ. ತೊಳೆದು, ಒದ್ದೆಯಾಗಿ ಆದರೆ ನೀರು ನಿಲ್ಲದಂತೆ ಬಿಟ್ಟು, ತೆಳು ಸಿಮೆಂಟ್ ಹಾಲು ಹಚ್ಚಿ, ಅದು ಆರುವ ಮುಂಚೆ ಹೊಸದನ್ನು ಹಾಕಿ ಅದುಮಿ.

ಮರುದಿನ ನೋಡಬೇಕಾದ್ದು

ಮಳೆ ಹಿಡಿದ ಜಾಗ ಎಷ್ಟು ಕೆಟ್ಟಿದೆ ಎಂದು ತಿಳಿಯಲು ಒಂದು ಮೊಳೆ ಸಾಕು. ಮಳೆಗೆ ಮುಂಚೆ ಮುಚ್ಚಿದ ಭಾಗದಲ್ಲಿ ಒಂದು ಗೆರೆ, ನೆನೆದ ಭಾಗದಲ್ಲಿ ಇನ್ನೊಂದು ಗೆರೆ, ಒಂದೇ ಒತ್ತಡದಲ್ಲಿ ಎಳೆಯಿರಿ. ಎರಡೂ ಒಂದೇ ಥರ ಇದ್ದರೆ ಚಿಂತೆಯಿಲ್ಲ. ನೆನೆದ ಕಡೆ ಪುಡಿ ಎದ್ದರೆ, ಅಲ್ಲಲ್ಲಿ ಉಳಿಯಿಂದ ಕೆರೆದು ಗಟ್ಟಿ ಕಾಂಕ್ರೀಟ್ ಎಷ್ಟು ಆಳದಲ್ಲಿ ಸಿಗುತ್ತದೆ ಅಳೆಯಿರಿ. ಎರಡು ಮೂರು ಮಿ.ಮೀ. ಆದರೆ ಆ ಪದರ ಕೆರೆದು ತೆಗೆಯಿರಿ, ಹೇಗೂ ಮೇಲೆ ಇಳಿಜಾರಿನ ಗಾರೆ ಬರುತ್ತದೆ. ಹತ್ತು ಮಿ.ಮೀ. ಕೆರೆದರೂ ಪುಡಿಯೇ ಬಂದರೆ ಅಥವಾ ಮೇಲಿನ ಕಂಬಿ ಕಾಣತೊಡಗಿದರೆ ಅಲ್ಲಿಗೆ ನಿಲ್ಲಿಸಿ, ಎಂಜಿನಿಯರ್ ಕರೆಸಿ, ಕೋರ್ ಅನ್ನುವ ಕಾಂಕ್ರೀಟ್ ತುಂಡನ್ನು ಕೊರೆದು ತೆಗೆಸಿ ಬಲ ನೋಡಬೇಕು. ಬರಿ ಸುತ್ತಿಗೆ ಬಡಿದು ನೋಡುವ ಪರೀಕ್ಷೆ ಮೈಯನ್ನಷ್ಟೇ ಹೇಳುತ್ತದೆ, ಒಳಗನ್ನಲ್ಲ. ಉತ್ತರ ಬರುವವರೆಗೆ ಆ ಭಾಗದ ಊರೆಗಳನ್ನು ಮುಟ್ಟಬೇಡಿ.